‘ಉರಿದರೆ ಒಳ್ಳೆಯದು’ ಎಂದವರನ್ನು ಪ್ರಶ್ನಿಸುವ ಕಥೆ

ಹತ್ತನೇ ತರಗತಿಯ ಹುಡುಗಿ. ಹಣೆಯ ಮೇಲೆ ಏಳೆಂಟು ಮೊಡವೆ. ಶಾಲೆಯ ಬೀಳ್ಕೊಡುಗೆಗೆ ಇನ್ನು ಮೂರು ವಾರ ಇದೆ ಎನ್ನುವಾಗ ರೀಲ್ ಒಂದರಲ್ಲಿ ಕಂಡ ಸಲಹೆಯನ್ನು ನಂಬಿ, ಗ್ಲೈಕಾಲಿಕ್ ಆಸಿಡ್ ಸೀರಂ ಮತ್ತು ರೆಟಿನಾಲ್ ಎರಡನ್ನೂ ತರಿಸಿಕೊಂಡು ಪ್ರತಿ ರಾತ್ರಿ ಒಂದರ ಮೇಲೊಂದು ಹಚ್ಚುತ್ತಾಳೆ. ಮೂರನೇ ರಾತ್ರಿ ಕೆನ್ನೆ ಉರಿಯತೊಡಗುತ್ತದೆ. ಮತ್ತೆ ವಿಡಿಯೊ ತೆರೆದರೆ ಅಲ್ಲಿ ಉತ್ತರ ಸಿದ್ಧವಾಗಿದೆ: ಇದು ‘ಪರ್ಜಿಂಗ್’, ಒಳಗಿನ ಕೊಳೆ ಹೊರಗೆ ಬರುತ್ತಿದೆ, ನಿಲ್ಲಿಸಬೇಡಿ. ಅವಳು ನಿಲ್ಲಿಸುವುದಿಲ್ಲ. ಒಂಬತ್ತನೇ ದಿನ ಮುಖ ತೊಳೆಯಲು ತಣ್ಣೀರು ಎರಚಿಕೊಂಡರೂ ಚುರುಗುಟ್ಟುತ್ತದೆ.

ಈ ಸಣ್ಣಕಥೆ ಹದಿಹರೆಯದವರ ಕೈಗೆ ಸಿಗಬೇಕಾದದ್ದು. ಅದು ಉಪದೇಶ ಮಾಡುತ್ತದೆ ಎಂಬ ಕಾರಣಕ್ಕಲ್ಲ, ಒಂದೇ ಒಂದು ಮಾತನ್ನು ಹಿಡಿದು ಕೊನೆಯವರೆಗೂ ಬಿಡದೆ ಪರೀಕ್ಷಿಸುತ್ತದೆ ಎಂಬುದಕ್ಕೆ. ಮೊಡವೆ ಹೋದರೆ ಸೀರಂ ಗೆದ್ದಂತೆ. ಮುಖ ಕೆಂಪಾದರೂ ಸೀರಂ ಗೆದ್ದಂತೆ. ಹಾಗಾದರೆ ಸೀರಂ ಸೋತಿತು ಎಂದು ಗೊತ್ತಾಗುವುದು ಯಾವಾಗ? ಹುಡುಗಿ ಈ ಪ್ರಶ್ನೆಯನ್ನು ಗಣಿತದ ನೋಟ್‌ಬುಕ್ಕಿನ ಹಿಂಬದಿ ಪುಟದಲ್ಲಿ ಬರೆದುಕೊಳ್ಳುವ ಜಾಗದಲ್ಲಿ ಕಥೆಗೆ ಜೀವ ಬರುತ್ತದೆ.

ಕಥೆಯ ಅತ್ಯುತ್ತಮ ಭಾಗ ಕನ್ನಡಿಯ ಮುಂದಿನ ದೃಶ್ಯ. ಮೊಡವೆ ಇದ್ದದ್ದು ಹಣೆಯಲ್ಲಿ. ಉರಿ, ಸಿಪ್ಪೆ ಏಳುತ್ತಿರುವುದು ಕೆನ್ನೆಯಲ್ಲಿ, ಮೂಗಿನ ಪಕ್ಕದ ಮಡಿಕೆಯಲ್ಲಿ. ಕೆಂಪು ಪಟ್ಟೆ ಕಿವಿಯ ಹತ್ತಿರ, ಬೆರಳು ಸೀರಂ ಸವರಿ ನಿಂತ ಗೆರೆಗೇ ಕೊನೆಯಾಗಿದೆ. ಲೇಖಕರು ಇಲ್ಲಿ ವಿಜ್ಞಾನವನ್ನು ಸರಿಯಾಗಿಯೇ ತಿಳಿದು ಬರೆದಿದ್ದಾರೆ. ಪರ್ಜಿಂಗ್ ಪೂರ್ತಿ ಸುಳ್ಳೇನಲ್ಲ. ರೆಟಿನಾಯ್ಡ್‌ಗಳು ಚರ್ಮದ ಕೋಶಗಳು ಬದಲಾಗುವ ವೇಗ ಹೆಚ್ಚಿಸುವುದರಿಂದ, ರಂಧ್ರದೊಳಗೆ ಕಾಣದಂತಿದ್ದ ಮೊಡವೆಗಳು ಬೇಗ ಮೇಲೇಳುವುದುಂಟು. ಆದರೆ ಅವು ಮೊಡವೆಗಳೇ ಆಗಿರುತ್ತವೆ, ಸಾಮಾನ್ಯವಾಗಿ ಮೊದಲಿನಿಂದ ಮೊಡವೆ ಬರುವ ಜಾಗದಲ್ಲೇ ಏಳುತ್ತವೆ, ನಾಲ್ಕಾರು ವಾರಗಳಲ್ಲಿ ತಗ್ಗುತ್ತವೆ. ಹಚ್ಚಿದ ಕಡೆಯೆಲ್ಲ ಉರಿ, ಬಿಗಿತ, ಹೊಟ್ಟು, ನೀರು ತಾಗಿದರೂ ನೋವು ಎಂದರೆ ಅದು ಚರ್ಮದ ಹೊರಪದರ ಗಾಸಿಗೊಂಡ ಲಕ್ಷಣ. ತುರಿಕೆ ಜೋರಾಗಿದ್ದರೆ, ಹಚ್ಚದ ಕಡೆಗೂ ಹಬ್ಬಿದರೆ ಅಲರ್ಜಿಯ ಶಂಕೆಯೂ ಬರುತ್ತದೆ. ಈ ವ್ಯತ್ಯಾಸವನ್ನು ಪಾಠದ ಹಾಗೆ ಹೇಳದೆ ಹುಡುಗಿಯ ಬೆರಳ ತುದಿಯಲ್ಲಿ ತೋರಿಸಿರುವುದು ದೊಡ್ಡ ಕಸುಬುಗಾರಿಕೆ.

ಚರ್ಮರೋಗ ತಜ್ಞೆಯ ದೃಶ್ಯವೂ ಚೊಕ್ಕವಾಗಿದೆ. ಆಕೆ ಬೈಯುವುದಿಲ್ಲ. ಎರಡೂ ಬಾಟಲಿ ಬಂದ್ ಮಾಡಿಸುತ್ತಾರೆ. ಸೌಮ್ಯ ಕ್ಲೆನ್ಸರ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್, ಇಷ್ಟೇ ಎನ್ನುತ್ತಾರೆ. ಮುಂದೆ ಯಾವುದೇ ಹೊಸದನ್ನು ಮೊದಲು ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡು ಎಂದು ಹೇಳಿ ಕಳಿಸುತ್ತಾರೆ.

ಮನೆಗೆ ಬಂದ ಹುಡುಗಿ ಅದೇ ರೀಲನ್ನು ಮತ್ತೆ ನೋಡುತ್ತಾಳೆ. ಈ ಸಲ ಅವಳ ಕಣ್ಣು ಹೋಗುವುದು ವಿವರಣೆಯ ಕೊನೆಯಲ್ಲಿ, ಇಪ್ಪತ್ತು ಹ್ಯಾಶ್‌ಟ್ಯಾಗ್‌ಗಳ ನಡುವೆ ಹುದುಗಿರುವ #ad ಕಡೆಗೆ. ಭಾರತದಲ್ಲಿ 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿ ಇಂಥ ಬಚ್ಚಿಡುವಿಕೆಯನ್ನೇ ಬೇಡವೆಂದಿದೆ: ಹಣ ಅಥವಾ ಉಚಿತ ಉತ್ಪನ್ನ ಪಡೆದಿದ್ದರೆ ಅದನ್ನು ವಿಡಿಯೊದೊಳಗೇ, ಎದ್ದು ಕಾಣುವಂತೆ ಹೇಳಬೇಕು. ಕಥೆ ಈ ನಿಯಮವನ್ನು ಹೆಸರಿಸುವುದಿಲ್ಲ. ಹೆಸರಿಸಿದ್ದರೆ ಹುಡುಗಿಯ ಅನುಮಾನಕ್ಕೆ ಕಾಲೂರಲು ನೆಲ ಸಿಗುತ್ತಿತ್ತು. ಮೋಸ ಹೋದದ್ದು ತನ್ನ ದಡ್ಡತನದಿಂದ ಎಂದು ಆಕೆ ಅಷ್ಟು ಕೊರಗಬೇಕಿರಲಿಲ್ಲ.

ಇನ್ನು ಮುಕ್ತಾಯ. ಇಲ್ಲಿ ಕಥೆ ಎಡವುತ್ತದೆ, ಅದೂ ಜೋರಾಗಿ. ‘ಕೆಮಿಕಲ್’ ಬಿಟ್ಟ ಮೊಮ್ಮಗಳಿಗೆ ಅಜ್ಜಿ ಕಡಲೆಹಿಟ್ಟು, ಅರಿಸಿನ, ನಿಂಬೆರಸ ಕಲಸಿ ಹಚ್ಚುತ್ತಾರೆ, ಇಬ್ಬರೂ ಜಗುಲಿಯ ಬಿಸಿಲಲ್ಲಿ ಕೂರುತ್ತಾರೆ, ಎಲ್ಲ ಸುಖಾಂತ. ಅಜ್ಜಿಯ ಅಕ್ಕರೆ ನಿಜ, ಚಿತ್ರಣವೂ ಮುದ್ದಾಗಿದೆ. ಆದರೆ ನಿಂಬೆರಸದ ಪಿಎಚ್ ಸುಮಾರು 2, ಆರೋಗ್ಯವಂತ ಚರ್ಮದ್ದು 5ರ ಆಸುಪಾಸು. ಈಗಷ್ಟೇ ಆಸಿಡ್‌ನಿಂದ ಸುಲಿದ ಮುಖಕ್ಕೆ ಇನ್ನೊಂದು ಆಸಿಡ್! ಸಾಲದ್ದಕ್ಕೆ ನಿಂಬೆಜಾತಿಯ ಹಣ್ಣುಗಳಲ್ಲಿರುವ ಫ್ಯೂರನೊಕುಮರಿನ್ ಎಂಬ ಅಂಶ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ, ಒಂದೆರಡು ದಿನದಲ್ಲಿ ಸುಟ್ಟಂತೆ ಕೆಂಪಾಗಿ ಬೊಬ್ಬೆ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬಾಟಲಿಯನ್ನು ಪ್ರಶ್ನಿಸಲು ಕಲಿತ ಹುಡುಗಿ ಬಟ್ಟಲನ್ನು ಪ್ರಶ್ನಿಸುವುದೇ ಇಲ್ಲ. ತಜ್ಞೆ ಹೇಳಿದ ಮೊಣಕೈ ಪರೀಕ್ಷೆ ಅಲ್ಲಿ ಏನಾಯಿತು? ನೋಟ್‌ಬುಕ್ಕಿನ ಪ್ರಶ್ನೆ ಅಜ್ಜಿಯ ಲೇಪಕ್ಕೂ ಅಷ್ಟೇ ಸಲ್ಲುತ್ತದೆ ಎಂದು ಅವಳಿಗೆ ಹೊಳೆದಿದ್ದರೆ, ಅಜ್ಜಿಗೆ ನೋವಾಗದಂತೆ ಹೇಗೆ ಕೇಳುವುದು ಎಂದು ಅವಳು ತಡವರಿಸಿದ್ದರೆ, ಕಥೆ ಇನ್ನೊಂದು ಎತ್ತರಕ್ಕೆ ಏರುತ್ತಿತ್ತು.

ಮಕ್ಕಳಿಗೆ ಈ ಕಥೆಯನ್ನು ಓದಿಸುವ ಮೇಷ್ಟ್ರುಗಳಲ್ಲಿ, ತಾಯಂದಿರಲ್ಲಿ ಒಂದು ಕೋರಿಕೆ: ಕನ್ನಡಿಯ ದೃಶ್ಯವನ್ನು ಎರಡು ಸಲ ಓದಿಸಿ, ಕೊನೆಯ ಪುಟಕ್ಕೆ ಬಂದಾಗ ನಿಂಬೆರಸದ ವಿಚಾರವನ್ನು ನೀವೇ ಬಾಯಿಬಿಟ್ಟು ಹೇಳಿ.