ನಡುಕ ಯಾವಾಗಿನದು?

ಫೋಟೊದಲ್ಲಿ ಎಂಟು ಹುಡುಗಿಯರಿದ್ದಾರೆ. ಸೀರೆ ಕಚ್ಚೆ ಹಾಕಿ, ಮುಡಿ ತುಂಬ ಕನಕಾಂಬರ ಮುಡಿದು, ಎರಡೂ ಕೈಯಲ್ಲಿ ಕೋಲು ಹಿಡಿದಿದ್ದಾರೆ. ಹಿಂದೆ ಫ್ಲೆಕ್ಸು, ಅದರಲ್ಲಿ ಅರ್ಧ ಮಡಚಿಕೊಂಡ 'ಪ್ರತಿಭಾ ಕಾರಂಜಿ'. ಏಳು ಜನ ಎದುರಿಗೆ ನೋಡಿ ನಗುತ್ತಿದ್ದಾರೆ. ಎಡದಿಂದ ಮೂರನೆಯವಳು ಮಾತ್ರ ಕೆಳತುಟಿ ಕಚ್ಚಿಕೊಂಡು ಪಕ್ಕದವಳ ಕೋಲನ್ನೇ ನೋಡುತ್ತಿದ್ದಾಳೆ. ಎರಡು ಕೋಲುಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿದಿದೆ, ಇನ್ನೇನು ತಾಗಬೇಕು.

ನಮ್ಮ ಕಡೆ ಇಂಥ ಫೋಟೊಗಳಿಗೆ ಬರವಿಲ್ಲ. ಕಂದಾಯ ಇಲಾಖೆಗೆ ತುಮಕೂರು ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಅದು ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹಾಗಾಗಿ ಕ್ಲಸ್ಟರು, ತಾಲ್ಲೂಕು ದಾಟಿ ಬಂದ ಮಕ್ಕಳಿಗೆ ಇಲ್ಲಿ ನಮ್ಮದೇ ಒಂದು ಜಿಲ್ಲಾ ಮಟ್ಟದ ಸ್ಪರ್ಧೆ, ಅಲ್ಲಿಂದ ಮುಂದೆ ರಾಜ್ಯ. ಪ್ರತಿ ಹಂತಕ್ಕೂ ಒಂದೊಂದು ವೇದಿಕೆ, ಪ್ರತಿ ವೇದಿಕೆಯ ಮುಂದೂ ನೂರು ಮೊಬೈಲು. ಸಂಜೆಯಾಗುವಷ್ಟರಲ್ಲಿ ಫೋಟೊಗಳು ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ, ಅಪ್ಪ ಅಮ್ಮಂದಿರ ಸ್ಟೇಟಸ್ಸಿಗೆ, ಸ್ಥಳೀಯ ಪತ್ರಿಕೆಯ ಕಚೇರಿಗೆ ಹೋಗಿರುತ್ತವೆ. ಹೋಗುವಾಗ ಕೆಳಗೆ ಒಂದು ಸಾಲು ಬೇಕು. ಆ ಸಾಲಿನ ಬಗ್ಗೆ ನನ್ನದೊಂದು ತಕರಾರಿದೆ.

ಮೇಲಿನ ಫೋಟೊಗೆ ಮೂರು ಸಾಲುಗಳು ಬಂದಿದ್ದನ್ನು ನಾನು ನೋಡಿದ್ದೇನೆ. ಪತ್ರಿಕೆಯದು ಮೊದಲನೆಯದು: ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ವಿದ್ಯಾರ್ಥಿನಿಯರು ಕೋಲಾಟ ಪ್ರದರ್ಶಿಸಿದರು, ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತಿತರರು ಉಪಸ್ಥಿತರಿದ್ದರು. ಇದನ್ನು ಗೇಲಿ ಮಾಡುವುದು ಸುಲಭ. ಉಪಸ್ಥಿತರಿದ್ದವರಲ್ಲಿ ಒಬ್ಬರೂ ಫೋಟೊದಲ್ಲಿಲ್ಲ. ಆದರೂ ಈ ಸಾಲು ಸುಳ್ಳು ಹೇಳುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಎರಡನೆಯದು ಒಬ್ಬ ತಾಯಿಯ ಸ್ಟೇಟಸ್ಸು, 'ನನ್ನ ಮಗಳು, ಬಲಗಡೆ ಕೊನೇಲಿ'. ನೋಡುವವರ ಕಣ್ಣನ್ನು ಎಲ್ಲಿಡಬೇಕೋ ಅಲ್ಲಿಟ್ಟು ಸುಮ್ಮನಾಗುವ ಸಾಲು, ಅದರ ಬಗ್ಗೆ ಹೇಳುವುದೇನೂ ಇಲ್ಲ. ಮೂರನೆಯದು ಶಾಲೆಯ ಗುಂಪಿನಲ್ಲಿ ಬಂತು: 'ಭಯವನ್ನು ಮೆಟ್ಟಿ ನಿಂತ ಸಂಭ್ರಮ'. ಅದಕ್ಕೆ ನಲವತ್ತು ಚಪ್ಪಾಳೆ ಬಿದ್ದವು. ನನ್ನ ತಕರಾರು ಇರುವುದು ಇದರ ಮೇಲೆ.

ಹಳೆಯ ಆಲಂಕಾರಿಕರಿದ್ದಿದ್ದರೆ ಇದನ್ನು ಮೊದಲ ಓದಿಗೇ ಹಿಡಿಯುತ್ತಿದ್ದರು. ರಸವನ್ನು ಅದರ ಹೆಸರು ಹೇಳಿ ಹುಟ್ಟಿಸಲಾಗದು ಎಂಬುದು ಆನಂದವರ್ಧನನ ಕಾಲದಿಂದ ಬಂದ ತಿಳಿವಳಿಕೆ. 11ನೇ ಶತಮಾನದ ಮಮ್ಮಟ ಕಾವ್ಯಪ್ರಕಾಶದಲ್ಲಿ ರಸದೋಷಗಳನ್ನು ಎಣಿಸುವಾಗ ಶುರು ಮಾಡುವುದೇ ಇದರಿಂದ: ಭಾವವನ್ನು ಅದರದೇ ಪದದಿಂದ ಹೇಳಿಬಿಡುವುದು. 'ಶೋಕ' ಎಂದು ಬರೆದ ಮಾತ್ರಕ್ಕೆ ಓದುವವನ ಗಂಟಲು ಕಟ್ಟುವುದಿಲ್ಲ. ಫೋಟೊ ಕೆಳಗಿನ 'ಭಯ', 'ಸಂಭ್ರಮ' ಅದೇ ಜಾತಿಯವು. ಈ ಎರಡು ಪದಗಳನ್ನು ಯಾವ ಮಗುವಿನ ಯಾವ ವೇದಿಕೆ ಫೋಟೊ ಕೆಳಗೂ ಅಂಟಿಸಬಹುದು. ಛದ್ಮವೇಷದ ಒನಕೆ ಓಬವ್ವನಿಗೂ ನಡೆಯುತ್ತದೆ, ಕವ್ವಾಲಿಗೂ ನಡೆಯುತ್ತದೆ. ಎಲ್ಲಿಗೂ ಒಗ್ಗುವ ಸಾಲು ಈ ಫೋಟೊದ್ದಲ್ಲ.

ಆದರೆ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಅಂಜಿಕೆ ಯಾವುದು, ಖುಷಿ ಯಾವುದು ಎಂದು ಫೋಟೊ ನೋಡಿ ಹೇಳಲು ಬರುತ್ತದೆಯೇ?

ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು ಹೇಳುತ್ತದೆ. ಮೈ ತಾನಾಗಿ ತೋರಿಸುವ ಲಕ್ಷಣಗಳು ಅವು: ಮರಗಟ್ಟುವುದು, ಬೆವರು, ರೋಮಾಂಚ, ದನಿ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಏಳನೇ ಅಧ್ಯಾಯದಲ್ಲಿ ಒಂದೊಂದಕ್ಕೂ ಕಾರಣಗಳ ಪಟ್ಟಿ ಕೊಟ್ಟಿದೆ. ನಡುಕಕ್ಕೆ ಭಯವೂ ಕಾರಣ, ಹರ್ಷವೂ ಕಾರಣ. ಬೆವರಿಗೆ ಎರಡೂ. ರೋಮಾಂಚಕ್ಕೆ ಎರಡೂ, ದನಿ ಒಡೆಯುವುದಕ್ಕೂ ಎರಡೂ. ಬಣ್ಣಗೆಡುವುದಕ್ಕೆ ಮಾತ್ರ ಭಯವಿದೆ, ಹರ್ಷ ಇಲ್ಲ. ಅಂದರೆ ಅಂಜಿಕೆಯನ್ನು ಖುಷಿಯಿಂದ ಬೇರೆ ಮಾಡಿ ತೋರಿಸಬಲ್ಲ ಗುರುತು ಹೆಚ್ಚುಕಡಿಮೆ ಅದೊಂದೇ, ಅದರ ಮೇಲೆ ನಮ್ಮ ಟೀಚರಮ್ಮಂದಿರು ಬೆಳಗ್ಗೆ ಎಂಟಕ್ಕೇ ಪೌಡರು, ರೋಸು ಬಳಿದಾಗಿರುತ್ತದೆ! ಕನ್ನಡದಲ್ಲಿ ನಾವು ಬಳಸುವ 'ಸಭಾಕಂಪ' ಎಂಬ ಮಾತನ್ನೇ ನೋಡಿ. ಅದರಲ್ಲಿ ಭಯ ಎಲ್ಲೂ ಇಲ್ಲ, ಇರುವುದು ನಡುಕ. ಯಾತರ ನಡುಕ ಎಂಬುದನ್ನು ಆ ಪದ ಹೇಳಲು ಹೋಗುವುದಿಲ್ಲ, ಜಾಣ ಪದ.

ಹೊಸ ಕಾಲದ ಪರೀಕ್ಷೆಯೂ ಇತ್ತಲೇ ಬಂದಿದೆ. ಅಮೆರಿಕದ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರ ಮುಂದೆ ಕ್ಯಾರಿಯೋಕೆ ಹಾಡಬೇಕಾದವರಿಗೆ ಹಾಡುವ ಮುಂಚೆ ಒಂದು ಮಾತು ಹೇಳಿಕೊಳ್ಳಲು ಕೊಟ್ಟಿದ್ದರು. 'ನನಗೆ ಅಳುಕು' ಎಂದವರಿಗಿಂತ 'ನನಗೆ ಹುರುಪು' ಎಂದವರು ಚೆನ್ನಾಗಿ ಹಾಡಿದರು. ಹುರುಪು ಎಂದವರ ಎದೆಬಡಿತವೇನೂ ಇಳಿದಿರಲಿಲ್ಲ. ಬಡಿಯುತ್ತಿದ್ದ ಎದೆಗೆ ಅವರಿಟ್ಟ ಹೆಸರು ಬೇರೆ, ಅಷ್ಟೆ. ಹಾಗಾದರೆ 'ಭಯವನ್ನು ಮೆಟ್ಟಿ ನಿಂತ' ಎಂಬ ಕುಸ್ತಿಯ ಚಿತ್ರವೇ ಸರಿಯಲ್ಲ. ಅಲ್ಲಿ ಒಬ್ಬ ಕೆಳಗೆ, ಒಬ್ಬ ಮೇಲೆ ಇಲ್ಲ. ಇರುವುದು ಒಂದೇ ನಡುಕ.

ಇಷ್ಟು ಯೋಚನೆ ಮಾಡಿ ನಾನೇ ಒಂದು ಸಾಲು ಬರೆಯಲು ಕೂತೆ. ಫೋಟೊಗೆ ಇಲ್ಲದಿರುವುದು ಎರಡು, ಹಿಂದುಮುಂದಿನ ಕಾಲ ಮತ್ತು ಸದ್ದು. ಕ್ಯಾಮೆರಾ ಸೆಕೆಂಡಿನ ನೂರನೇ ಒಂದು ಪಾಲನ್ನೋ ಇನ್ನೂ ಕಡಿಮೆಯನ್ನೋ ಕತ್ತರಿಸಿ ಕೊಡುತ್ತದೆ. ಸಾಲು ತರಬೇಕಾದದ್ದು ಅದರ ಆಚೆಯದನ್ನು. ಈ ಕೆಲಸಕ್ಕೆ ಕನ್ನಡ ಹೇಳಿ ಮಾಡಿಸಿದ ಭಾಷೆ. 'ಕುಣಿಯುವ ಹುಡುಗಿ', 'ಕುಣಿಯುತ್ತಿರುವ ಹುಡುಗಿ', 'ಕುಣಿದ ಹುಡುಗಿ': ನಾಮಪದದ ಹಿಂದೆ ಒಂದು ಕೃದಂತ ಇಟ್ಟರೆ ಫೋಟೊ ಮುಂಚಿನದೋ ನಡುವಿನದೋ ಆಮೇಲಿನದೋ ಗೊತ್ತಾಗಿಬಿಡುತ್ತದೆ. ಅದೇ ಮುಖ, ಅದೇ ಕಚ್ಚಿದ ತುಟಿ, ಮೂರು ಕಡೆಯೂ ಅರ್ಥ ಬೇರೆ. ನಮ್ಮ ಸಾಲುಗಳು ಈ ಸೌಲಭ್ಯವನ್ನು ಬಿಟ್ಟು 'ಪ್ರದರ್ಶಿಸಿದರು' ಎಂಬಲ್ಲಿಗೆ ಬಂದು ನಿಲ್ಲುತ್ತವೆ.

ಅವತ್ತು ನಾನು ಎರಡನೇ ಸಾಲಿನ ಕುರ್ಚಿಯಲ್ಲಿದ್ದೆ, ಆದ್ದರಿಂದ ಫೋಟೊದಲ್ಲಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಎರಡನೇ ಚರಣಕ್ಕೆ ಪೆನ್‌ಡ್ರೈವ್ ಕೈಕೊಟ್ಟಿತು. ಮೈಕಿನವನು ತಂತಿ ಕಿತ್ತು ಸಿಕ್ಕಿಸಿ ನೋಡಿದ, ಹಾಡು ಬರಲಿಲ್ಲ. ಒಂದು ಕ್ಷಣ ಎಂಟೂ ಜನ ಮರಗಟ್ಟಿದರು. ಆಮೇಲೆ ಯಾರೋ ಒಬ್ಬಳು ಕೋಲು ಹೊಡೆದಳು, ಎದುರಿನವಳು ಉತ್ತರ ಕೊಟ್ಟಳು, ಎಂಟು ಜೊತೆ ಕೋಲಿನ ಸದ್ದಿನ ಮೇಲೇ ಆಟ ಮುಗಿಯಿತು. ಕೋಲಾಟಕ್ಕೆ ತಾಳ ಕೈಯಲ್ಲೇ ಇರುತ್ತದಲ್ಲ. ಬೇರೆ ಕುಣಿತವಾಗಿದ್ದರೆ ಕೆಟ್ಟುಹೋಗುತ್ತಿತ್ತು. ಫೋಟೊ ಆ ಗಳಿಗೆಯದು. ನಾನು ಬರೆದೆ: 'ಹಾಡು ನಿಂತಿದೆ, ಕೋಲು ನಿಂತಿಲ್ಲ. ಎಡದಿಂದ ಮೂರನೆಯವಳ ಅಂಜಿಕೆ ಇನ್ನೂ ಹೋಗಿಲ್ಲ.'

ಮೊದಲ ವಾಕ್ಯದ ಬಗ್ಗೆ ನನಗೆ ಇವತ್ತಿಗೂ ಜಂಬವಿದೆ. ಸದ್ದನ್ನು ಹೇಳಿತು, ಭಾವದ ಹೆಸರು ಎತ್ತಲಿಲ್ಲ. ಎರಡನೆಯದು ತಪ್ಪು. ತಪ್ಪು ಎಂದು ಗೊತ್ತಾಗಿದ್ದು ವಾರದ ಮೇಲೆ ಅದೇ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಅವರಪ್ಪನ ಜೊತೆ ಸಿಕ್ಕಾಗ. ಯಾಕಮ್ಮ ಅವತ್ತು ಅಷ್ಟು ಹೆದರಿದ್ದೆ ಎಂದು ಕೇಳಿದೆ.

"ಹೆದರ್‍ಕೊಂಡಿರ್ಲಿಲ್ಲ ಸಾರ್, ಎಣಿಸ್ತಿದ್ದೆ. ಹಾಡು ಹೋಯ್ತಲ್ಲ, ಎಷ್ಟನೇ ಹೊಡ್ತ ಅಂತ ತಪ್ಪೋಗ್ಬಾರ್‍ದು ಅಂತ ಮನಸಲ್ಲೇ ಎಣಿಸ್ತಿದ್ದೆ. ಕೆಳಗಿಳಿದ ಮ್ಯಾಲೆ ಕೈ ನಡುಗಕ್ಕೆ ಶುರುವಾಯ್ತು. ಕೋಲೇ ಹಿಡಿಯಕ್ಕಾಗ್ಲಿಲ್ಲ."

ಮೊದಲು ಕೋಲು ಹೊಡೆದವಳೂ ಅವಳೇ. ಅದನ್ನು ಹೇಳಿದ್ದು ಅವರಪ್ಪ.

ಶಾಲೆಯ ಗುಂಪಿನ ಸಾಲಿನ ಮೇಲೆ ಇಷ್ಟೆಲ್ಲ ದೋಷ ಹೊರಿಸಿದ ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಬೆರಳು ಮಾಡಿ ತೋರಿಸಿ ಸುಳ್ಳು ಬರೆದಿದ್ದೆ. ಅಂಜಿಕೆ ಮೊದಲು, ಖುಷಿ ಆಮೇಲೆ ಎಂಬ ಲೆಕ್ಕ ನನ್ನ ತಲೆಯಲ್ಲಿತ್ತು. ಅವಳ ಮೈಯಲ್ಲಿ ಅದು ತಿರುಗುಮುರುಗು. ಮೇಲಿದ್ದಾಗ ಎಣಿಕೆ, ಕೆಳಗೆ ಬಂದ ಮೇಲೆ ನಡುಕ. ಆ ನಡುಕ ತಡವಾಗಿ ಬಂದ ಅಂಜಿಕೆಯೋ ಗೆದ್ದ ಖುಷಿಯೋ ಅವಳಿಗೂ ಗೊತ್ತಿರಲಿಲ್ಲ, ನಾನೂ ಕೆದಕಲಿಲ್ಲ.

ಪಾವಗಡದ ಕಡೆಯ ಇನ್ನೊಂದು ಫೋಟೊ ನೆನಪಾಗುತ್ತದೆ. ಮೈಕಿನ ಮುಂದೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಭಾವಗೀತೆ ಹಾಡುವ ಹುಡುಗ. ಕೆಳಗೆ 'ತಲ್ಲೀನತೆ' ಎಂದು ಬರೆದಿದ್ದರು. ಪಾವಗಡ ಬಹುಪಾಲು ಆಂಧ್ರದ ನಡುವೆ ಇರುವ ತಾಲ್ಲೂಕು, ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಅಲ್ಲಿ ಬೇಕಾದಷ್ಟು. ಈ ಹುಡುಗ ಕಣ್ಣು ಮುಚ್ಚಿದ್ದು ಮುಂದಿನ ಸಾಲಿನ ಮೊದಲ ಪದ ಹುಡುಕಲಿಕ್ಕೆ ಎಂದು ಅವನ ಮೇಷ್ಟ್ರು ನಕ್ಕರು. 'ಮನೆಯಲ್ಲಿ ತೆಲುಗು, ಮೈಕಿನ ಮುಂದೆ ಕನ್ನಡ. ಎರಡನೇ ಚರಣ ನೆನಪಿಸಿಕೊಳ್ಳುತ್ತಿರುವ ಹುಡುಗ' ಎಂದಿದ್ದರೆ ಆ ಮುಚ್ಚಿದ ಕಣ್ಣಿನ ಮುಂದೆ ನಾವು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆವು. ಪದ ಸಿಕ್ಕಿತೋ ಇಲ್ಲವೋ ಎಂಬ ಕುತೂಹಲಕ್ಕಾದರೂ.

ಕೋಲಾಟದ ಫೋಟೊ ಈಗ ಶಾಲೆಯ ಆಫೀಸು ರೂಮಿನ ಗೋಡೆಯ ಮೇಲಿದೆ. ಕೆಳಗಿನ ಸಾಲನ್ನು ಬದಲಿಸಿಕೊಡಿ ಎಂದು ನಾನೇ ಕೇಳಿಕೊಂಡೆ. ಎರಡನೇ ವಾಕ್ಯವನ್ನು ಹೊಡೆದುಹಾಕಿ ಹೀಗೆ ಬರೆಸಿದ್ದೇವೆ: 'ಹಾಡು ನಿಂತಿದೆ, ಕೋಲು ನಿಂತಿಲ್ಲ. ಎಡದಿಂದ ಮೂರನೆಯವಳು ಎಣಿಸುತ್ತಿದ್ದಾಳೆ.' ಈ ಸಲದ ಕಾರಂಜಿಯ ಫೋಟೊಗಳಿಗೆ ಸಾಲು ಬರೆಯುವ ಮೇಷ್ಟ್ರುಗಳಲ್ಲಿ, ವರದಿಗಾರ ಮಿತ್ರರಲ್ಲಿ ಒಂದೇ ಕೋರಿಕೆ. ಬರೆಯುವ ಮುಂಚೆ ಮಗುವನ್ನು ಒಂದು ಮಾತು ಕೇಳಿ, ವೇದಿಕೆ ಇಳಿದು ಹತ್ತು ನಿಮಿಷವಾದ ಮೇಲೆ.