ಗೋಡೆ ಮೊದಲೋ, ಪಿಲ್ಲರ್ ಮೊದಲೋ

ಮೂವತ್ತು ನಲವತ್ತರ ಸೈಟಿನಲ್ಲಿ ಹೊಸ ಮನೆ ಎದ್ದಿದೆ. ಮಲಗುವ ಕೋಣೆಯಲ್ಲಿ ಗೋಡೆಯಿಂದ ಎರಡಡಿ ಈಚೆಗೆ, ಸರಿಯಾಗಿ ಮಂಚದ ಮೇಲೆ, ಹತ್ತು ಇಂಚು ಇಳಿದ ಬೀಮ್ ಒಂದು ಅಡ್ಡಲಾಗಿ ಹಾದುಹೋಗಿದೆ. ಮನೆಯವರು ಇಂಜಿನಿಯರನ್ನು ಬೈಯುತ್ತಾರೆ, ಇಂಜಿನಿಯರ್ ಪ್ಲಾನಿನತ್ತ ಕೈ ತೋರಿಸುತ್ತಾನೆ. ಇದರಲ್ಲಿ ಇಂಜಿನಿಯರ್ ಹೇಳುವುದೇ ಹೆಚ್ಚು ಸರಿ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಮೊದಲು ಕೋಣೆಗಳನ್ನು ಅಳೆದು ಗೋಡೆ ಎಳೆಯುತ್ತಾರೆ. ಗೋಡೆಗಳು ಕೂಡುವಲ್ಲೆಲ್ಲ ಪಿಲ್ಲರ್ ಗುರುತು ಹಾಕುವುದು ಆಮೇಲೆ. ಬೀಮ್ ಹೊರಗೆ ಕಾಣುವುದು ಲೆಕ್ಕದ ತಪ್ಪಲ್ಲ, ಈ ಅನುಕ್ರಮದ ತಪ್ಪು. ಹಳೆಯ ತೊಟ್ಟಿಮನೆಯಲ್ಲಿ ಇದು ತಿರುವುಮುರುವಾಗಿತ್ತು: ಸಿಕ್ಕ ತೊಲೆಯ ಉದ್ದ ಕಂಬದ ಜಾಗವನ್ನು ಹೇಳುತ್ತಿತ್ತು, ಕಂಬ ಕೋಣೆಯ ಅಳತೆಯನ್ನು ಹೇಳುತ್ತಿತ್ತು.

ಒಂದು ಸಾಮಾನ್ಯ ಪ್ಲಾನನ್ನೇ ತೆಗೆದುಕೊಳ್ಳೋಣ. ಕಟ್ಟಡದ ಅಗಲ 24 ಅಡಿ. ಮುಂದಿನ ಅರ್ಧದಲ್ಲಿ 14 ಅಡಿಯ ಹಾಲ್, 10 ಅಡಿಯ ಅಡುಗೆಮನೆ. ಹಿಂದಿನ ಅರ್ಧದಲ್ಲಿ 12 ಅಡಿಯ ಎರಡು ಬೆಡ್‌ರೂಮ್. ಹಾಗಾಗಿ ನಡುಗೋಡೆ ಮುಂದೆ 14ನೇ ಅಡಿಯಲ್ಲಿದ್ದರೆ ಹಿಂದೆ 12ನೇ ಅಡಿಯಲ್ಲಿದೆ. ಎರಡಕ್ಕೂ ಬೇರೆಬೇರೆ ಪಿಲ್ಲರ್ ಕೊಟ್ಟರೆ ಮನೆಯ ಮಧ್ಯದ ಸಾಲಿನಲ್ಲಿ ಎರಡಡಿ ಅಂತರದಲ್ಲಿ ಎರಡು ಪಿಲ್ಲರ್ ನಿಲ್ಲುತ್ತವೆ. ನಾಲ್ಕೈದು ಅಡಿ ಅಗಲದ ಅವುಗಳ ಪಾಯಗಳು ಒಂದರ ಮೇಲೊಂದು ಹತ್ತಿ, ಎರಡಕ್ಕೂ ಸೇರಿ ಒಂದೇ ಪಾಯ ಹಾಕಬೇಕಾಗುತ್ತದೆ. ಆ ಖರ್ಚು ಬೇಡವೆಂದು 14ರ ಸಾಲಿನ ಬೀಮನ್ನೇ ಹಿಂದಿನ ತನಕ ಎಳೆಯುತ್ತಾರೆ. ಅದು ಬೆಡ್‌ರೂಮಿನ ಗೋಡೆಯನ್ನು ತಪ್ಪಿಸಿಕೊಂಡು ಎರಡಡಿ ಒಳಗೆ ಬರುತ್ತದೆ. ಬೀಮಿನ ಒಟ್ಟು ಆಳ 15 ಇಂಚು, ಮೋಲ್ಡಿನ ದಪ್ಪ 5 ಇಂಚು. ಉಳಿದ ಹತ್ತು ಇಂಚು ಕೋಣೆಯೊಳಗೆ ಇಳಿಯುತ್ತದೆ.

ಇದಕ್ಕೆ ಪರಿಹಾರ ಪೆನ್ಸಿಲ್ ಹಂತದಲ್ಲಿ ಎರಡಿವೆ. ಒಂದು, ನಡುಗೋಡೆಯನ್ನು ಮುಂದೆಯೂ ಹಿಂದೆಯೂ 13ನೇ ಅಡಿಗೆ ತರುವುದು. ಹಾಲ್ ಒಂದು ಅಡಿ ಕಿರಿದಾಗುತ್ತದೆ, ಅಡುಗೆಮನೆ ಒಂದು ಅಡಿ ಹಿಗ್ಗುತ್ತದೆ, ಬೆಡ್‌ರೂಮುಗಳು 13 ಮತ್ತು 11 ಆಗುತ್ತವೆ. ಇನ್ನೊಂದು ನನಗೆ ಹೆಚ್ಚು ಇಷ್ಟವಾದದ್ದು: ಬೀಮನ್ನು 14ರಲ್ಲೇ ಬಿಟ್ಟು, 12ರಲ್ಲಿರುವ ಗೋಡೆಗೂ ಬೀಮಿಗೂ ನಡುವಿನ ಎರಡಡಿಯಲ್ಲಿ ವಾರ್ಡ್‌ರೋಬ್ ಕೂರಿಸುವುದು. ವಾರ್ಡ್‌ರೋಬಿಗೆ ಬೇಕಾದ ಆಳವೂ ಹೆಚ್ಚುಕಡಿಮೆ ಅಷ್ಟೇ. ಅದರ ಬಾಗಿಲು ಬೀಮಿನ ತಳಕ್ಕೆ ಮುಟ್ಟಿದರೆ ಬೀಮ್ ಇದೆಯೆಂಬುದೇ ಮರೆತುಹೋಗುತ್ತದೆ. 12ರ ಗೋಡೆ ಬರೀ ನಾಲ್ಕಿಂಚಿನ ತಡೆಗೋಡೆ. ಪ್ರತಿ ಗೋಡೆಯ ಕೆಳಗೂ ಬೀಮ್ ಇರಲೇಬೇಕೆಂಬುದು ಮೇಸ್ತ್ರಿಗಳ ರೂಢಿ, ನಿಯಮವಲ್ಲ. ಮಹಡಿಯ ಮೇಲೂ ಇಂಥ ಗೋಡೆಯನ್ನು ಮೋಲ್ಡಿನ ಮೇಲೆಯೇ ನಿಲ್ಲಿಸಬಹುದು, ಅದರ ಭಾರವನ್ನು ಕಂಬಿ ಲೆಕ್ಕ ಹಾಕುವ ಮೊದಲೇ ಇಂಜಿನಿಯರಿಗೆ ಹೇಳಿದ್ದರೆ.

ಇಷ್ಟೆಲ್ಲ ಏಕೆ, ಬೀಮನ್ನು ಮೋಲ್ಡಿನೊಳಗೇ ಅಡಗಿಸಿದರಾಗದೇ ಎನ್ನುವವರಿದ್ದಾರೆ. ಅಗಲ ಒಂದೇ ಆಗಿದ್ದರೆ ಬೀಮಿನ ಬಿಗುವು ಆಳದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 15 ಇಂಚಿನದನ್ನು 5 ಇಂಚಿಗೆ ಇಳಿಸಿದರೆ ಬಿಗುವು 27ರಲ್ಲಿ ಒಂದು ಪಾಲಾಗುತ್ತದೆ. ಎಷ್ಟು ಕಂಬಿ ತುಂಬಿದರೂ ಅದು ಬೀಮಿನ ಹೆಸರಿಟ್ಟುಕೊಂಡ ಮೋಲ್ಡು. ಅದನ್ನೇ ಆಧಾರವೆಂದು ನಂಬಿದರೆ ಮೋಲ್ಡು ಬಾಗಿ, ಮೇಲಿನ ಗೋಡೆಯಲ್ಲಿ ಬಿರುಕು ಮೂಡಬಹುದು. ಬೀಮನ್ನು ಮೇಲಕ್ಕೆ ತಿರುಗಿಸಿ ಹಾಕುವುದು ಕೊನೆಯ ಟೆರೇಸಿನಲ್ಲಿ ಸಾಧ್ಯ. ಆದರೆ ಅದು ಮಳೆನೀರಿಗೆ ಕಟ್ಟೆಯಾಗದಂತೆ ದಾರಿ ಬಿಡಬೇಕು. ಫಾಲ್ಸ್ ಸೀಲಿಂಗಂತೂ ಒಂದು ಸಾಲಿನ ತಪ್ಪಿಗೆ ಇಡೀ ಕೋಣೆಯ ಎತ್ತರವನ್ನು ದಂಡ ತೆರುವ ಉಪಾಯ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: ಪಿಲ್ಲರ್ ಸಾಲಿಗೆ ಕಟ್ಟುಬಿದ್ದರೆ ಎಲ್ಲ ಮನೆಯೂ ಬೆಂಕಿಪೊಟ್ಟಣದಂತಾಗುವುದಿಲ್ಲವೇ, ವಾಸ್ತು ಹೇಳಿದ ಆಗ್ನೇಯದ ಅಡುಗೆಮನೆ ಎಲ್ಲಿ ಹೋಗಬೇಕು? ಆದರೆ ಸಾಲುಗಳು ನೇರವಾಗಿರಬೇಕೆಂದರೆ ಅಂತರಗಳೂ ಸಮನಾಗಿರಬೇಕೆಂದಲ್ಲ. 13 ಮತ್ತು 11 ಎಂಬ ಅಂತರಗಳೊಳಗೆ ಅಡುಗೆಮನೆ ಯಾವ ಮೂಲೆಯಲ್ಲಾದರೂ ಕೂರುತ್ತದೆ. ತಲೆಯ ಮೇಲೆ ಬೀಮ್ ಬರಬಾರದೆನ್ನುವುದೂ ಅದೇ ವಾಸ್ತು ನಂಬಿಕೆಯ ಮಾತಲ್ಲವೇ? ಸಾಲಿನ ಈ ಕಟ್ಟು ನಿಜಕ್ಕೂ ಬಿಗಿಯಾಗುವುದು ಕೆಳಗೆ ಪಾರ್ಕಿಂಗ್ ಇರುವ ಮನೆಗಳಲ್ಲಿ. ಕಾರು ತಿರುಗಲು ಪಿಲ್ಲರ್ ಒಂದು ಕಡೆ ಬೇಕು, ಮೇಲಿನ ಕೋಣೆಗೆ ಇನ್ನೊಂದು ಕಡೆ. ಆಗ ಬೀಮಿನ ನಡುವೆ ಮೇಲಿನ ಪಿಲ್ಲರ್ ಎಬ್ಬಿಸುವ ಆಸೆ ಹುಟ್ಟುತ್ತದೆ. ಅದಕ್ಕಿಂತ ಮೇಲಿನ ಗೋಡೆ ಸರಿಸುವುದು ಲೇಸು, ಏಕೆಂದರೆ ಪಿಲ್ಲರಿನ ಭಾರ ನೆಲದ ತನಕ ನೇರವಾಗಿ ಇಳಿಯಬೇಕು.

ಸಾಲು ಸರಿಹೋದ ಮೇಲೂ ಒಂದು ಸಣ್ಣ ತಕರಾರು ಉಳಿಯುತ್ತದೆ. ಬೀಮಿನ ಅಗಲ 9 ಇಂಚು, ಒಳಗೋಡೆ 4 ಇಂಚು. ಐದು ಇಂಚು ಎಲ್ಲಾದರೂ ಚಾಚಲೇಬೇಕು. ನಡುವಿಗೆ ನಡು ಹೊಂದಿಸಿದರೆ ಎರಡೂ ಕೋಣೆಗಳಲ್ಲಿ ಎರಡೂವರೆ ಇಂಚಿನ ಅಂಚು ಕಾಣುತ್ತದೆ. ಬೆಡ್‌ರೂಮಿನ ಕಡೆ ಗೋಡೆಯನ್ನೂ ಬೀಮನ್ನೂ ಒಂದೇ ಸಮಕ್ಕೆ ತಂದು, ಆ ಐದು ಇಂಚನ್ನು ಬಚ್ಚಲಿನ ಕಡೆಗೋ ವಾರ್ಡ್‌ರೋಬಿನ ಕಡೆಗೋ ತಳ್ಳಬೇಕು. ಇದನ್ನು ಪಾಯದ ಮಾರ್ಕಿಂಗ್ ದಿನವೇ ನಿರ್ಧರಿಸಬೇಕು. ಸೆಂಟ್ರಿಂಗ್ ಹೊಡೆದ ಮೇಲೆ ಕೇಳಿದರೆ ಬೀಮ್ ಎಲ್ಲಿದೆಯೋ ಅಲ್ಲೇ ಇರುತ್ತದೆ.