ಅಜ್ಜಿಯ ಬೆನ್ನಿಗಿದ್ದ ನೀಲಿ ಡ್ರಮ್ಮು: ಐದು ಸಾಲಿಗೆ ವ್ಯಾಖ್ಯಾನ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ತೆಗೆದ ಚಿತ್ರ. ಮಲ್ಲಿಗೆ ಕಟ್ಟುತ್ತ ಕುಳಿತ ಅಜ್ಜಿ; ಅವರ ಬೆನ್ನಿಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಮೂಲೆಯಲ್ಲಿ ಉರಿಯುವ ಟ್ಯೂಬ್‌ಲೈಟು. ನೋಡಿದವರ ಕಣ್ಣು ಮೊದಲು ಡ್ರಮ್ಮಿಗೆ ಹೋಗುತ್ತಿತ್ತು, ಆಮೇಲೆ ಟ್ಯೂಬಿಗೆ, ಕೊನೆಗೆ ಅಜ್ಜಿಗೆ. ಫೋಟೋಶಾಪಿನಲ್ಲಿ ಅದನ್ನು ತಿದ್ದುವಾಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಸಾಲುಗಳಿವು.

1. ಮೂಲ ಚಿತ್ರ ಮುಟ್ಟಬೇಡ, ಬೂದು ಪದರದ ಮೇಲೆ ಬಳಿ.

ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರ್ ಬೆಳಕು ಕಾಗದದ ಮೇಲೆ ಹೆಚ್ಚು ಹೊತ್ತು ಬಿದ್ದ ಕಡೆ ಕಪ್ಪಾಗುತ್ತದೆ. ರಟ್ಟಿನ ತೂತಿನಿಂದ ಒಂದು ಜಾಗಕ್ಕೆ ಮಾತ್ರ ಹೆಚ್ಚು ಬೆಳಕು ಬಿಡುವುದು ಬರ್ನ್. ತಂತಿಗೆ ಅಂಟಿಸಿದ ರಟ್ಟಿನ ತುಂಡಿನಿಂದ ಬೆಳಕು ತಡೆದು ಆ ಜಾಗವನ್ನು ತಿಳಿಯಾಗಿ ಉಳಿಸುವುದು ಡಾಡ್ಜ್. ಅಲ್ಲಿ ತಪ್ಪಿದರೆ ಒಂದು ಹಾಳೆ ಹೋಯಿತು. ಇಲ್ಲಿ ಹೊಸ ಪದರ ತೆರೆದು, Mode ಅನ್ನು Soft Light ಮಾಡಿ, 50% ಬೂದು ತುಂಬಿಸಿದರೆ ಆ ಬೂದು ಕಣ್ಣಿಗೆ ಕಾಣುವುದೇ ಇಲ್ಲ. ಅದರ ಮೇಲೆ ಕಪ್ಪು ಬಳಿದರೆ ಬರ್ನ್, ಬಿಳಿ ಬಳಿದರೆ ಡಾಡ್ಜ್. ತಪ್ಪಿದ ಕಡೆ ಅದೇ ಬೂದು ಬಳಿದರೆ ಅಳಿಸಿದಂತೆಯೇ.

2. ಮೊದಲು ಬಣ್ಣ ಇಳಿಸು, ಆಮೇಲೆ ಕತ್ತಲು.

ಮೊದಲ ಸಲ ಡ್ರಮ್ಮನ್ನು ಬರೀ ಬರ್ನ್ ಮಾಡಿದೆ. ಅದು ಕಪ್ಪಾಯಿತು, ಆದರೆ ನೀಲಿ ಇನ್ನಷ್ಟು ಗಾಢವಾಗಿ ಮೊದಲಿಗಿಂತ ಹೆಚ್ಚು ಕಣ್ಣು ಸೆಳೆಯತೊಡಗಿತು. ಕಾರಣ ಲೆಕ್ಕದಲ್ಲಿದೆ. ಡ್ರಮ್ಮಿನ ಕೆಂಪು, ಹಸಿರು, ನೀಲಿ ಮೌಲ್ಯಗಳು 60, 110, 200 ಎಂದುಕೊಳ್ಳಿ. ಬೂದು ಪದರದಲ್ಲಿ ಪೂರ್ತಿ ಕಪ್ಪು ಬಳಿದರೆ ಪ್ರತಿ ಮೌಲ್ಯವೂ ತನ್ನಿಂದಲೇ ಗುಣಿಸಿಕೊಂಡು 255ರಿಂದ ಭಾಗವಾಗುತ್ತದೆ. ಅವು ಸುಮಾರು 14, 47, 157 ಆಗುತ್ತವೆ. ಚಿಕ್ಕ ಸಂಖ್ಯೆ ಕುಸಿದಷ್ಟು ದೊಡ್ಡದು ಕುಸಿಯಲಿಲ್ಲ. ಮೊದಲು ನೀಲಿ ಕೆಂಪಿನ ಮೂರು ಪಟ್ಟು ಚಿಲ್ಲರೆ ಇತ್ತು, ಈಗ ಹನ್ನೊಂದು ಪಟ್ಟು. ಮೂರರ ನಡುವಿನ ಈ ಅಂತರವನ್ನೇ ನಾವು ಗಾಢ ಬಣ್ಣವೆಂದು ಕಾಣುತ್ತೇವೆ. ತೆಳುವಾಗಿ ಬಳಿದರೂ ಎಳೆತ ಆ ಕಡೆಗೇ.

ಹಾಗಾಗಿ ಬೂದು ಪದರದ ಕೆಳಗೆ ಒಂದು Hue/Saturation ಪದರ ಹಾಕಿ, Saturation ಅನ್ನು −60ಕ್ಕೆ ಇಳಿಸಿ, ಅದರ ಮಾಸ್ಕನ್ನು Ctrl+I ಒತ್ತಿ ಕಪ್ಪಾಗಿಸಿ, ಡ್ರಮ್ಮಿನ ಮೇಲೆ ಮಾತ್ರ ಬಿಳಿ ಬಳಿದೆ. ಹೀಗೆ ಬಣ್ಣ ಇಳಿಸಿದಾಗ ನೀಲಿ ಕಣ್ಣಿಗೆ ತುಸು ಬೆಳ್ಳಗಾಗುತ್ತದೆ. ಎಷ್ಟು ಕತ್ತಲು ಬೇಕೆಂಬುದು ಆಗಲೇ ಗೊತ್ತಾಗುವುದು. −100ರ ತನಕ ಹೋಗಬೇಡಿ. ಹೂವಿನ ಮಾರುಕಟ್ಟೆಯಲ್ಲಿ ಸಂಪೂರ್ಣ ಬೂದು ಬಣ್ಣದ ಡ್ರಮ್ಮೊಂದು ಕೂತರೆ ಆ ಬಣ್ಣಗೇಡಿತನವೇ ಎದ್ದು ಕಾಣುತ್ತದೆ.

3. ತಲೆಗೂದಲ ಹತ್ತಿರ ಅವಸರ ಬೇಡ.

ಇಲ್ಲಿ ಸೋತವರೇ ಹೆಚ್ಚು. ಕೂದಲಿಗೆ ತಾಗದಂತೆ ದೂರದಲ್ಲೇ ಕುಂಚ ನಿಲ್ಲಿಸಿದರೆ ತಲೆಯ ಸುತ್ತ ಬೆಳಕಿನ ಬಳೆ ಉಳಿಯುತ್ತದೆ. ತಾಗಿಸಿದರೆ ಅಜ್ಜಿಯ ಬೆಳ್ಳಿಗೂದಲು ಮಾಸುತ್ತದೆ. ನಾನು ಮೊದಲು ಅವರ ಆಕೃತಿಯನ್ನು ಸೆಲೆಕ್ಟ್ ಮಾಡಿ, ಆ ಸೆಲೆಕ್ಷನ್ನನ್ನು ತಿರುವುಮುರುವಾಗಿಸಿ, ಅಂಚನ್ನು 2 ಪಿಕ್ಸೆಲ್ ಮೆದುವಾಗಿಸಿ, ಹಿನ್ನೆಲೆಯಲ್ಲಷ್ಟೇ ದೊಡ್ಡ ಮೆತ್ತನೆಯ ಕುಂಚ ಓಡಿಸಿದೆ. Flow 4% ಇಟ್ಟು ಹತ್ತಾರು ಸಲ ಬಳಿದದ್ದರಿಂದ ಕತ್ತಲು ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ.

4. ಟ್ಯೂಬ್‌ಲೈಟನ್ನು ಕಪ್ಪಾಗಿಸಲು ಹೋಗಬೇಡ.

ಟ್ಯೂಬಿನ ನಡುಭಾಗ ಮೂರರಲ್ಲೂ 255. ಮೇಲಿನ ಲೆಕ್ಕವನ್ನೇ ಹಾಕಿ ನೋಡಿ: 255 ಮತ್ತೆ 255 ಆಗಿಯೇ ಉಳಿಯುತ್ತದೆ, ಎಷ್ಟು ಬಳಿದರೂ. Burn ಉಪಕರಣದಲ್ಲಿ Range ಅನ್ನು Highlights ಮಾಡಿ ಹಟ ಹಿಡಿದರೆ ಕಪ್ಪಾಗುತ್ತದೆ, ಆದರೆ ಅಡಿಯಲ್ಲಿ ಯಾವ ವಿವರವೂ ಇಲ್ಲದ್ದರಿಂದ ಕೊಳೆ ಬೂದು ಮೂಡುತ್ತದೆ. ಹಾಗಾಗಿ ಟ್ಯೂಬಿನ ಸುತ್ತ ಗೋಡೆಗೆ ಹರಡಿದ ಬೆಳಕನ್ನು ಇಳಿಸಿದೆ, ಟ್ಯೂಬನ್ನು ಅಂಚಿನಿಂದ ಕತ್ತರಿಸಿದೆ.

5. ಅಂಚೆಚೀಟಿಯಷ್ಟು ಚಿಕ್ಕದಾಗಿಸಿ ನೋಡು.

ದೊಡ್ಡದಾಗಿ ನೋಡುತ್ತ ಗಂಟೆಗಟ್ಟಲೆ ಕೂತರೆ ಕಣ್ಣು ಒಗ್ಗಿಹೋಗುತ್ತದೆ. ಚಿಕ್ಕದು ಮಾಡಿದಾಗ ಮೊದಲು ಕಂಡದ್ದು ಮಲ್ಲಿಗೆಯ ಬಿಳಿ, ಅದರ ಪಕ್ಕ ಬೆರಳುಗಳು. ಮುಖ ಮಾತ್ರ ಹಿಂದುಳಿದಿತ್ತು. ಕೆನ್ನೆ ಮತ್ತು ಹಣೆಗೆ ಬಿಳಿ ಕುಂಚದಿಂದ ಎರಡು ಸಲ ತೆಳುವಾಗಿ ಡಾಡ್ಜ್ ಮಾಡಿದ ಮೇಲೆ ಅದೂ ಸಾಲಿಗೆ ಬಂತು.

ಇದು ಭಾವಚಿತ್ರವಾದ್ದರಿಂದ ಇಷ್ಟು ಸಲ್ಲುತ್ತದೆ. ಸುದ್ದಿಚಿತ್ರಕ್ಕೆ ಸಲ್ಲುವುದಿಲ್ಲ: ಹಿನ್ನೆಲೆಯನ್ನು ಬರ್ನ್ ಮಾಡಿ ಅಳಿಸಿಹಾಕುವುದನ್ನು ಅಸೋಸಿಯೇಟೆಡ್ ಪ್ರೆಸ್‌ನಂಥ ಸುದ್ದಿಸಂಸ್ಥೆಯ ನಿಯಮವೇ ನಿಷೇಧಿಸಿದೆ. ಪತ್ರಿಕೆಯೊಂದು ಹೂವಿನ ದರದ ವರದಿಗೆ ಇದೇ ಚಿತ್ರ ಕೇಳಿದಾಗ ಎರಡೂ ಪದರಗಳನ್ನು ತೆಗೆದು, ನೀಲಿ ಡ್ರಮ್ಮಿನ ಸಮೇತ ಮೂಲವನ್ನೇ ಕಳಿಸಿದೆ.